ತಿಂಗಳಿಗೆ ಉಳಿಯುವ ಎರಡು ಸಾವಿರ: ಸಾಲಕ್ಕೆ ಕಟ್ಟೋದಾ, ಆರ್.ಡಿ.ಗೆ ಹಾಕೋದಾ?

(ಶಿಕಾರಿಪುರ ಮತ್ತು ಸೊರಬ ತಾಲ್ಲೂಕುಗಳ ಸ್ವಸಹಾಯ ಸಂಘಗಳ ಸದಸ್ಯೆಯರಿಗಾಗಿ ನೀಡಿದ ಮಾಹಿತಿ ಮಾತುಗಳ ಬರಹ ರೂಪ)



ನಾವು ಸಂಘಗಳ ಸಭೆಗೆ ಹೋದಾಗಲೆಲ್ಲ ಈಚೆಗೆ ಒಂದೇ ಪ್ರಶ್ನೆ ಬೇರೆ ಬೇರೆ ರೂಪದಲ್ಲಿ ಎದುರಾಗುತ್ತಿದೆ. "ಮನೆ ರಿಪೇರಿಗೆ ಅಂತ ಒಂದು ಲಕ್ಷ ಪರ್ಸನಲ್ ಲೋನ್ ತಗೊಂಡಿದ್ದೀವಿ. ಕಂತು ಸರಿಯಾಗಿ ಕಟ್ತಾ ಇದ್ದೀವಿ. ಈಗ ಗೃಹಲಕ್ಷ್ಮಿ ದುಡ್ಡು, ಅಡಿಕೆ ಸುಲಿಯೋ ಕೂಲಿ ಎಲ್ಲಾ ಸೇರಿ ತಿಂಗಳಿಗೆ ಎರಡು ಸಾವಿರ ಉಳೀತದೆ. ಇದನ್ನ ಆರ್.ಡಿ. ಕಟ್ಟಲಾ, ಇಲ್ಲಾ ಸಾಲಕ್ಕೇ ಹೆಚ್ಚಿಗೆ ತುಂಬಿ ಬೇಗ ತೀರಿಸಲಾ?" ಇದು ಪ್ರಶ್ನೆ. ಎರಡೂ ಒಳ್ಳೆಯ ಕೆಲಸವೇ. ಆದರೆ ಇರುವ ಎರಡು ಸಾವಿರ ಎರಡೂ ಕಡೆ ಹೋಗುವುದಿಲ್ಲವಲ್ಲ. ಹಾಗಾಗಿ ಇವತ್ತು ಈ ಒಂದು ಲೆಕ್ಕವನ್ನು ಮಾತ್ರ ನಿಧಾನವಾಗಿ ಕೂತು ಮಾಡೋಣ.

ಮೊದಲು ಬಡ್ಡಿಯನ್ನು ನಮ್ಮ ಮಾತಿನಲ್ಲೇ ಹೇಳಿಕೊಳ್ಳೋಣ. ಕಾಗದದಲ್ಲಿ "ವಾರ್ಷಿಕ ಶೇಕಡಾ 24" ಎಂದು ಬರೆದಿರುತ್ತಾರೆ. ನಾವು ಊರಲ್ಲಿ ಮಾತಾಡೋದು ನೂರಕ್ಕೆ ತಿಂಗಳಿಗೆ ಎಷ್ಟು ಅಂತ. ಶೇಕಡಾ 24 ಅಂದರೆ ನೂರು ರೂಪಾಯಿಗೆ ತಿಂಗಳಿಗೆ ಎರಡು ರೂಪಾಯಿ ಬಡ್ಡಿ. ಇನ್ನು ಆರ್.ಡಿ.ಗೆ ಶೇಕಡಾ 7 ಬಡ್ಡಿ ಸಿಗುತ್ತದೆ ಎಂದಿಟ್ಟುಕೊಳ್ಳಿ. ಅದು ನೂರಕ್ಕೆ ತಿಂಗಳಿಗೆ ಸುಮಾರು 58 ಪೈಸೆ. ಅಂದರೆ ಕೈಯಲ್ಲಿರುವ ನೂರು ರೂಪಾಯಿಯನ್ನು ಆರ್.ಡಿ.ಗೆ ಹಾಕಿದರೆ 58 ಪೈಸೆ ಬರುತ್ತದೆ. ಅದೇ ನೂರನ್ನು ಸಾಲದ ಅಸಲಿಗೆ ಕಟ್ಟಿದರೆ ತಿಂಗಳಿಗೆ ಎರಡು ರೂಪಾಯಿ ಹೋಗೋದು ನಿಲ್ಲುತ್ತದೆ. ಬರುವ ದುಡ್ಡೂ ಒಂದೇ, ಹೋಗದೆ ಉಳಿಯುವ ದುಡ್ಡೂ ಒಂದೇ. ಪ್ರಶ್ನೆಯ ತಿರುಳು ಇಷ್ಟೇ. ಉಳಿದದ್ದೆಲ್ಲ ಇದನ್ನು ನಿಜವಾಗಿ ಮಾಡುವ ದಾರಿ ಮತ್ತು ಅದರಲ್ಲಿ ಬರುವ ತೊಡಕುಗಳು.

ಒಂದು ಮನೆಯ ಲೆಕ್ಕ

ಶಿರಾಳಕೊಪ್ಪದ ಹತ್ತಿರದ ಒಂದು ಹಳ್ಳಿಯ ಒಬ್ಬ ಅಕ್ಕ ಎಂದಿಟ್ಟುಕೊಳ್ಳೋಣ. ಒಂದು ಲಕ್ಷ ಸಾಲ, ಶೇಕಡಾ 24 ಬಡ್ಡಿ, 36 ತಿಂಗಳು. ತಿಂಗಳ ಕಂತು 3,923 ರೂಪಾಯಿ. ಒಂದು ವರ್ಷ ತಪ್ಪದೆ 12 ಕಂತು ಕಟ್ಟಿದ್ದಾರೆ. ಒಟ್ಟು 47,079 ರೂಪಾಯಿ ಕಟ್ಟಿದ ಹಾಗಾಯಿತು. ಈಗ ಸಾಲ ಎಷ್ಟು ಉಳಿದಿದೆ ಎಂದು ಕೇಳಿದರೆ ಹೆಚ್ಚಿನವರು "ಐವತ್ಮೂರು ಸಾವಿರ" ಅಂತಾರೆ. ಅಲ್ಲ. ಉಳಿದಿರುವ ಅಸಲು 74,205 ರೂಪಾಯಿ. ಕಟ್ಟಿದ ನಲವತ್ತೇಳು ಸಾವಿರದಲ್ಲಿ 21 ಸಾವಿರಕ್ಕೂ ಮಿಕ್ಕಿ ಬಡ್ಡಿಗೇ ಹೋಗಿದೆ.

ಯಾಕೆ ಹೀಗೆ? ಪ್ರತಿ ತಿಂಗಳೂ ಉಳಿದ ಅಸಲಿನ ಮೇಲೆ ಮೊದಲು ಬಡ್ಡಿ ಮುರಿದುಕೊಂಡು, ಮಿಕ್ಕದ್ದನ್ನು ಅಸಲಿಗೆ ಹಾಕುತ್ತಾರೆ. ಮೊದಲ ತಿಂಗಳು ಒಂದು ಲಕ್ಷದ ಮೇಲೆ 2,000 ರೂಪಾಯಿ ಬಡ್ಡಿ, ಅಸಲಿಗೆ 1,923 ಮಾತ್ರ. ಹದಿಮೂರನೇ ಕಂತಿನಲ್ಲಿ ಬಡ್ಡಿ 1,484ಕ್ಕೆ ಇಳಿದು ಅಸಲಿಗೆ 2,439 ಹೋಗುತ್ತದೆ. ಕೊನೆಯ ಕಂತಿನಲ್ಲಿ ಬಡ್ಡಿ ನೂರು ರೂಪಾಯಿಯೂ ಇರುವುದಿಲ್ಲ. ಹಾಗಾಗಿ ಹೆಚ್ಚಿಗೆ ಕಟ್ಟುವುದಾದರೆ ಬೇಗ ಕಟ್ಟಿದಷ್ಟೂ ಲಾಭ.

ಈಗ ಈ ಅಕ್ಕನ ಮುಂದೆ ಎರಡು ದಾರಿ ಇದೆ. ಇನ್ನು 24 ಕಂತು ಬಾಕಿ. ತಿಂಗಳಿಗೆ ಎರಡು ಸಾವಿರ ಉಳಿಯುತ್ತದೆ.

ಮೊದಲನೇ ದಾರಿ: ಕಂತನ್ನು ಹೇಗಿದೆಯೋ ಹಾಗೆ ಕಟ್ಟಿಕೊಂಡು, ಎರಡು ಸಾವಿರವನ್ನು ಆರ್.ಡಿ.ಗೆ ಹಾಕುವುದು. ಎರಡು ವರ್ಷ ಆದ ಮೇಲೆ ಸಾಲವೂ ಮುಗಿದಿರುತ್ತದೆ, ಆರ್.ಡಿ.ಯಲ್ಲಿ ಸುಮಾರು 51,350 ರೂಪಾಯಿ ಇರುತ್ತದೆ. ಇದರಲ್ಲಿ 48 ಸಾವಿರ ಅವರದೇ ದುಡ್ಡು, ಬಡ್ಡಿ ಸುಮಾರು 3,350.

ಎರಡನೇ ದಾರಿ: ಎರಡು ಸಾವಿರವನ್ನೂ ಪ್ರತಿ ತಿಂಗಳು ಅಸಲಿಗೇ ಕಟ್ಟುವುದು. ಆಗ ತಿಂಗಳಿಗೆ 5,923 ಕಟ್ಟಿದಂತಾಗುತ್ತದೆ. 24 ತಿಂಗಳ ಬದಲು 15ನೇ ತಿಂಗಳಲ್ಲಿ ಸಾಲ ತೀರುತ್ತದೆ. ಕೊನೆಯ ತಿಂಗಳು ಕಟ್ಟಬೇಕಾದದ್ದು 3,360 ರೂಪಾಯಿ ಮಾತ್ರ. ಬಡ್ಡಿಯಲ್ಲಿ ಉಳಿಯುವುದು ಸುಮಾರು 7,870 ರೂಪಾಯಿ.

"ಆದ್ರೆ ಕೈಯಲ್ಲಿ ದುಡ್ಡು ಕಾಣಲ್ವಲ್ಲ" ಅಂತೀರಿ. ಕಾಣುತ್ತದೆ, ಆದರೆ ಸ್ವಲ್ಪ ತಡವಾಗಿ. ಸಾಲ ತೀರಿದ ಮೇಲೆ ಒಂಬತ್ತು ತಿಂಗಳು ಉಳಿದಿದೆ. 15ನೇ ತಿಂಗಳಲ್ಲಿ ಮಿಕ್ಕ ದುಡ್ಡನ್ನೂ, ಆ ಒಂಬತ್ತು ತಿಂಗಳೂ ಅದೇ 5,923 ರೂಪಾಯಿಯನ್ನೂ ಆರ್.ಡಿ.ಗೆ ಹಾಕಿದರೆ, ಎರಡು ವರ್ಷದ ಕೊನೆಗೆ ಸುಮಾರು 57,250 ರೂಪಾಯಿ ಇರುತ್ತದೆ. ಮೊದಲನೇ ದಾರಿಯಲ್ಲಿ 51,350, ಎರಡನೇ ದಾರಿಯಲ್ಲಿ 57,250. ಎರಡರಲ್ಲೂ ಮನೆಯಿಂದ ಹೋದ ದುಡ್ಡು ಒಂದೇ, ಕಾಲವೂ ಒಂದೇ. ವ್ಯತ್ಯಾಸ 5,900. ಅಂದರೆ ಸರಿಸುಮಾರು ಒಂದೂವರೆ ಕಂತಿನಷ್ಟು ದುಡ್ಡು ಬರಿಯ ಕ್ರಮದಿಂದ ಉಳಿಯಿತು.

ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕು. ಈ ಲಾಭ ಕೈಗೆ ಬರುವುದು ಆ ಕೊನೆಯ ಒಂಬತ್ತು ತಿಂಗಳಲ್ಲಿ. ಸಾಲ ತೀರಿತು ಎಂಬ ಖುಷಿಯಲ್ಲಿ ಆ 5,923 ರೂಪಾಯಿ ಖರ್ಚಾಗಿಬಿಟ್ಟರೆ, ಎರಡು ವರ್ಷದ ಕೊನೆಗೆ ಆರ್.ಡಿ. ಕಟ್ಟಿದವರ ಹತ್ತಿರ ಐವತ್ತೊಂದು ಸಾವಿರ ಇರುತ್ತದೆ, ಬೇಗ ಸಾಲ ತೀರಿಸಿದವರ ಹತ್ತಿರ ಏನೂ ಇರುವುದಿಲ್ಲ. ಹಾಗಾಗಿ ಸಾಲ ಮುಗಿದ ತಿಂಗಳೇ ಆರ್.ಡಿ. ಶುರು ಆಗಬೇಕು. ಆ ತಾರೀಖನ್ನು ಈಗಲೇ ಬರೆದಿಟ್ಟುಕೊಳ್ಳಿ.

ಹೆಚ್ಚಿಗೆ ಕಟ್ಟುವ ಮೊದಲು

"ಹಾಗಾದ್ರೆ ಇರೋ ಬರೋ ದುಡ್ಡೆಲ್ಲಾ ಸಾಲಕ್ಕೇ ತುಂಬಿಬಿಡೋಣ" ಎಂದು ಹೊರಡಬೇಡಿ. ಮಗುವಿಗೆ ಜ್ವರ ಬಂತು, ಶಿವಮೊಗ್ಗದ ಆಸ್ಪತ್ರೆಗೆ ಹೋಗಬೇಕು, ಕೈಯಲ್ಲಿ ಒಂದು ಪೈಸೆ ಇಲ್ಲ ಅಂದರೆ ಏನು ಮಾಡುತ್ತೀರಿ? ನೂರಕ್ಕೆ ಐದು ರೂಪಾಯಿ ಬಡ್ಡಿಗೆ ಕೈಸಾಲ ತರುತ್ತೀರಿ. ಎರಡು ರೂಪಾಯಿ ಬಡ್ಡಿಯ ಸಾಲ ತೀರಿಸಲು ಹೋಗಿ ಐದು ರೂಪಾಯಿ ಬಡ್ಡಿಯ ಸಾಲಕ್ಕೆ ಬಿದ್ದ ಹಾಗಾಯಿತು. ಕಟ್ಟಿದ ಸಾಲದ ದುಡ್ಡನ್ನು ಕಂಪನಿಯವರು ವಾಪಸ್ ಕೊಡುವುದಿಲ್ಲ.

ಆದ್ದರಿಂದ ಮೊದಲು ಎರಡು ಕಂತಿನಷ್ಟು ದುಡ್ಡು ಬ್ಯಾಂಕಿನ ಉಳಿತಾಯ ಖಾತೆಯಲ್ಲಿರಲಿ. ನಮ್ಮ ಲೆಕ್ಕದ ಅಕ್ಕನಿಗೆ ಅದು ಎಂಟು ಸಾವಿರ. ಅಷ್ಟು ಇಲ್ಲದಿದ್ದರೆ ಮೊದಲ ನಾಲ್ಕು ತಿಂಗಳ ಎರಡೆರಡು ಸಾವಿರ ಅಲ್ಲಿಗೇ ಹೋಗಲಿ. ಐದನೇ ತಿಂಗಳಿಂದ ಸಾಲಕ್ಕೆ ಶುರು ಮಾಡಿ. ಇದರಿಂದ ಬಡ್ಡಿ ಸ್ವಲ್ಪ ಹೆಚ್ಚು ಹೋಗುತ್ತದೆ, ನಿಜ. ಆದರೆ ಕಂತು ತಪ್ಪದೆ ಇರುವುದಕ್ಕೆ ಅದು ಕೊಡುವ ಬೆಲೆ ಎಂದು ತಿಳಿಯಿರಿ.

ಹಾಗೆಯೇ ಸಂಘದ ವಾರದ ಉಳಿತಾಯವನ್ನು ನಿಲ್ಲಿಸಬೇಡಿ. ಮಗಳ ಹೆಸರಲ್ಲಿ ಸುಕನ್ಯಾ ಸಮೃದ್ಧಿ ಖಾತೆ ಇದ್ದರೆ ವರ್ಷಕ್ಕೆ ಕನಿಷ್ಠ 250 ರೂಪಾಯಿ ಕಟ್ಟಿ ಖಾತೆಯನ್ನು ಜೀವಂತ ಇಟ್ಟುಕೊಳ್ಳಿ. ನಾವು ಹೇಳುತ್ತಿರುವುದು ಹೊಸದಾಗಿ ಉಳಿಯುವ ದುಡ್ಡಿನ ಬಗ್ಗೆ ಮಾತ್ರ.

ಕಟ್ಟುವ ಕ್ರಮ

ಈಗ ಹೆಚ್ಚಿನವರು ಎಡವುವ ಜಾಗಕ್ಕೆ ಬರೋಣ. ನೀವು ಎರಡು ಸಾವಿರ ಹೆಚ್ಚಿಗೆ ಕೊಟ್ಟರೆ ಸಾಲು ಸಾಲಾಗಿ ಅಸಲು ಇಳಿಯುತ್ತದೆ ಎಂದುಕೊಂಡಿರುತ್ತೀರಿ. ಆದರೆ ಬರಿದೆ ಖಾತೆಗೆ ದುಡ್ಡು ಹಾಕಿದರೆ, ಅಥವಾ ಕಂತು ವಸೂಲಿಗೆ ಬಂದವರ ಕೈಗೆ ಕೊಟ್ಟರೆ, ಅದನ್ನು "ಮುಂದಿನ ಕಂತಿಗೆ ಮುಂಗಡ" ಎಂದು ಇಟ್ಟುಕೊಳ್ಳುವುದುಂಟು. ಮುಂಗಡ ಕಂತು ಅಂದರೆ ಅಸಲು ಇಳಿಯಲಿಲ್ಲ, ಬಡ್ಡಿಯೂ ಇಳಿಯಲಿಲ್ಲ. ನಿಮ್ಮ ದುಡ್ಡು ಅವರ ಹತ್ತಿರ ಸುಮ್ಮನೆ ಕೂತಿತು. ಅದಕ್ಕಿಂತ ಆರ್.ಡಿ.ಯೇ ವಾಸಿ.

ಹಾಗಾಗಿ ಶಾಖೆಗೇ ಹೋಗಿ, ಒಂದು ಅರ್ಜಿ ಬರೆದು ಕೊಡಿ. ಅರ್ಜಿಯಲ್ಲಿ ಸಾಲದ ಖಾತೆ ಸಂಖ್ಯೆ ಬರೆದು, "ಈ ಮೊತ್ತವನ್ನು ಭಾಗಶಃ ಮರುಪಾವತಿಯಾಗಿ ಅಸಲಿಗೆ ಜಮಾ ಮಾಡಿ, ಕಂತಿನ ಮೊತ್ತ ಹಾಗೇ ಇಟ್ಟು ಅವಧಿಯನ್ನು ಕಡಿಮೆ ಮಾಡಿ" ಎಂದು ಸ್ಪಷ್ಟವಾಗಿ ತಿಳಿಸಿ. ಪಾರ್ಟ್ ಪೇಮೆಂಟ್ ಎಂದರೆ ಅವರಿಗೆ ಬೇಗ ಅರ್ಥವಾಗುತ್ತದೆ. ಅವಧಿ ಕಡಿಮೆ ಮಾಡಿ ಎಂದು ಯಾಕೆ ಬರೆಯಬೇಕು? ಕೆಲವರು ಅವಧಿಯನ್ನು ಹಾಗೇ ಬಿಟ್ಟು ಕಂತನ್ನು ಇಳಿಸುತ್ತಾರೆ. ಕಂತು ಮುನ್ನೂರು ರೂಪಾಯಿ ಇಳಿದರೆ ನಮಗೆ ಹಗುರ ಅನಿಸುತ್ತದೆ, ಆದರೆ ಆ ಮುನ್ನೂರು ಮನೆ ಖರ್ಚಿನಲ್ಲಿ ಕರಗಿ ಹೋಗುತ್ತದೆ. ಕಂತು ಕಟ್ಟುವುದೇ ಕಷ್ಟವಾಗುತ್ತಿರುವ ಮನೆಯವರಿಗೆ ಕಂತು ಇಳಿಸುವುದು ಸರಿ. ಕಂತು ಸಲೀಸಾಗಿ ಕಟ್ಟುತ್ತಿರುವವರು ಅವಧಿ ಇಳಿಸಿಕೊಳ್ಳಲಿ.

ದುಡ್ಡು ಕಟ್ಟಿದ ಮೇಲೆ ರಸೀದಿಯ ಜೊತೆಗೆ ಹೊಸ ಮರುಪಾವತಿ ಪಟ್ಟಿ ಕೇಳಿ ಪಡೆಯಿರಿ. ಹಳೆಯ ಪಟ್ಟಿಯನ್ನೂ ಹೊಸದನ್ನೂ ಪಕ್ಕಪಕ್ಕ ಇಟ್ಟು ಎರಡೇ ಸಂಗತಿ ನೋಡಿ: ಉಳಿದ ಅಸಲು ನೀವು ಕಟ್ಟಿದಷ್ಟು ಇಳಿದಿದೆಯೇ? ಕೊನೆಯ ಕಂತಿನ ತಾರೀಖು ಹಿಂದಕ್ಕೆ ಬಂದಿದೆಯೇ? ಎರಡಕ್ಕೂ ಹೌದು ಎಂದಾದರೆ ಕೆಲಸ ಆಗಿದೆ. ಇಲ್ಲವಾದರೆ ಆ ದಿನವೇ ಕೇಳಿ.

ಶುಲ್ಕದ ಲೆಕ್ಕ

ಎರಡನೇ ತೊಡಕು ಶುಲ್ಕ. ನಿಮ್ಮದು ಯಾವ ಬಗೆಯ ಸಾಲ ಎಂಬುದರ ಮೇಲೆ ಇದು ನಿಂತಿದೆ. ರಿಸರ್ವ್ ಬ್ಯಾಂಕು 2022ರ ಮಾರ್ಚ್‌ನಲ್ಲಿ ಕಿರುಸಾಲಗಳಿಗೆ, ಅಂದರೆ ಮೈಕ್ರೋಫೈನಾನ್ಸ್ ಸಾಲಗಳಿಗೆ, ಹೊಸ ನಿಯಮ ಮಾಡಿತು. ವರ್ಷಕ್ಕೆ ಮೂರು ಲಕ್ಷದ ತನಕ ಆದಾಯ ಇರುವ ಕುಟುಂಬಕ್ಕೆ ಅಡಮಾನ ಇಲ್ಲದೆ ಕೊಟ್ಟ ಸಾಲ ಇದರೊಳಗೆ ಬರುತ್ತದೆ. ಅಂಥ ಸಾಲವನ್ನು ಅವಧಿಗೆ ಮೊದಲು ತೀರಿಸಿದರೆ ದಂಡ ಹಾಕುವಂತಿಲ್ಲ. "ಮೊದಲೇ ಕಟ್ಟಿದ್ರೆ ಫೈನ್ ಬೀಳ್ತದೆ" ಎಂದು ಯಾರಾದರೂ ಹೇಳಿದರೆ ಈ ನಿಯಮವನ್ನು ನೆನಪಿಸಿ.

ಆದರೆ ಒಬ್ಬರ ಹೆಸರಿನಲ್ಲಿ ಸಂಬಳ ಚೀಟಿ ಅಥವಾ ವ್ಯಾಪಾರದ ಲೆಕ್ಕ ನೋಡಿ ಕೊಟ್ಟ ಪರ್ಸನಲ್ ಲೋನ್ ಬೇರೆ. ಅದಕ್ಕೆ ಶುಲ್ಕ ಇರಬಹುದು. ಕೆಲವರು ಮೊದಲ ಆರು ತಿಂಗಳೋ ಒಂದು ವರ್ಷವೋ ಹೆಚ್ಚಿಗೆ ಕಟ್ಟಲು ಬಿಡುವುದಿಲ್ಲ. ಕೆಲವರು ವರ್ಷಕ್ಕೆ ಇಷ್ಟೇ ಸಲ, ಒಂದು ಸಲಕ್ಕೆ ಕನಿಷ್ಠ ಇಷ್ಟು ಎಂದು ಹೇಳುತ್ತಾರೆ. ಇದೆಲ್ಲ ಸಾಲದ ಕಾಗದದಲ್ಲೇ ಬರೆದಿರುತ್ತದೆ. 2024ರ ಅಕ್ಟೋಬರ್ ನಂತರ ಕೊಟ್ಟ ಸಾಲಗಳಿಗೆ "ಕೀ ಫ್ಯಾಕ್ಟ್ ಸ್ಟೇಟ್‌ಮೆಂಟ್" ಎಂಬ ಹಾಳೆ ಕೊಡಲೇಬೇಕು. ಅದರಲ್ಲಿ ಬಡ್ಡಿ, ಎಲ್ಲ ಶುಲ್ಕ ಸೇರಿಸಿದ ನಿಜವಾದ ವಾರ್ಷಿಕ ದರ, ಅವಧಿಗೆ ಮೊದಲು ತೀರಿಸುವ ಶುಲ್ಕ ಎಲ್ಲ ಇರುತ್ತದೆ. ಆ ಹಾಳೆ ನಿಮ್ಮ ಹತ್ತಿರ ಇಲ್ಲದಿದ್ದರೆ ಶಾಖೆಯಲ್ಲಿ ಕೇಳಿ. ಓದಲು ತೊಡಕಾದರೆ ಸಂಘದ ಸಭೆಗೆ ತನ್ನಿ, ಒಟ್ಟಿಗೆ ಓದೋಣ.

ಶುಲ್ಕ ಇದೆ ಎಂದಾಕ್ಷಣ ಕೈಬಿಡಬೇಡಿ, ಲೆಕ್ಕ ಹಾಕಿ. ಶುಲ್ಕ ಶೇಕಡಾ 4, ಅದರ ಮೇಲೆ 18 ಶೇಕಡಾ ಜಿ.ಎಸ್.ಟಿ. ಎಂದಿಟ್ಟುಕೊಳ್ಳಿ. ನೂರು ರೂಪಾಯಿ ಅಸಲು ತೀರಿಸಲು 4 ರೂಪಾಯಿ 72 ಪೈಸೆ ಶುಲ್ಕ. ಆ ನೂರರಿಂದ ತಿಂಗಳಿಗೆ ಎರಡು ರೂಪಾಯಿ ಬಡ್ಡಿ ಉಳಿಯುತ್ತದೆ. ಅಂದರೆ ಎರಡೂವರೆ ತಿಂಗಳೊಳಗೆ ಶುಲ್ಕ ವಾಪಸ್ ಬಂತು. ಆಮೇಲಿನದೆಲ್ಲ ಲಾಭ. ಸಾಲ ಇನ್ನೂ ಒಂದೂವರೆ ಎರಡು ವರ್ಷ ಇದ್ದರೆ ಶುಲ್ಕ ಕೊಟ್ಟಾದರೂ ಕಟ್ಟಬಹುದು. ಇನ್ನು ಮೂರು ನಾಲ್ಕು ಕಂತು ಮಾತ್ರ ಇದ್ದರೆ ಬಿಟ್ಟುಬಿಡಿ, ಮಾಮೂಲಿ ಕಂತು ಕಟ್ಟಿ ಮುಗಿಸಿ.

ನಮ್ಮ ಲೆಕ್ಕದ ಅಕ್ಕನಿಗೂ ಇದೇ ಶುಲ್ಕ ಇದೆ, ತಿಂಗಳಿಗೆ ಎರಡು ಸಾವಿರ ತಗೊಳ್ಳುವುದಿಲ್ಲ, ಮೂರು ತಿಂಗಳಿಗೊಮ್ಮೆ ಆರು ಸಾವಿರ ಕಟ್ಟಬಹುದು ಎಂದಿಟ್ಟುಕೊಂಡು ಮತ್ತೆ ಲೆಕ್ಕ ಹಾಕಿ ನೋಡಿದೆವು. ಆರು ಸಾವಿರದಲ್ಲಿ ಶುಲ್ಕ ಕಳೆದು ಸುಮಾರು 5,730 ಅಸಲಿಗೆ ಹೋಗುತ್ತದೆ. ಹಾಗೆ ನಾಲ್ಕು ಸಲ ಕಟ್ಟಿದ ಮೇಲೆ, ಆಗಲೂ ಸಾಲ 15ನೇ ತಿಂಗಳಲ್ಲೇ ತೀರುತ್ತದೆ. ಉಳಿತಾಯ 7,870ರಿಂದ ಸುಮಾರು 5,680ಕ್ಕೆ ಇಳಿಯುತ್ತದೆ. ಕಡಿಮೆಯಾಯಿತು, ಆದರೆ ಆರ್.ಡಿ.ಯ ದಾರಿಗಿಂತ ಇನ್ನೂ ಮುಂದೆಯೇ ಇದೆ.

ಮೂರು ತಿಂಗಳಿಗೊಮ್ಮೆ ಕಟ್ಟುವ ಕ್ರಮ ನಮ್ಮ ಕಡೆಗೆ ಒಂದು ರೀತಿಯಲ್ಲಿ ಹೊಂದುತ್ತದೆ. ಗೃಹಲಕ್ಷ್ಮಿ ದುಡ್ಡು ಒಂದು ತಿಂಗಳು ಬಂದು ಇನ್ನೊಂದು ತಿಂಗಳು ತಡವಾಗುವುದುಂಟು. ಆನವಟ್ಟಿ ಕಡೆ ಮೆಕ್ಕೆಜೋಳ ಮಾರಿದಾಗ, ಸೊರಬದ ಕಡೆ ಅಡಿಕೆ ಕೊಯ್ಲಿನ ಕಾಲದಲ್ಲಿ ಕೈಗೆ ದುಡ್ಡು ಬರುತ್ತದೆ, ಮಳೆಗಾಲದಲ್ಲಿ ಬರುವುದಿಲ್ಲ. ಹಾಗಾಗಿ "ಕಂತನ್ನೇ ಆರು ಸಾವಿರ ಮಾಡಿಕೊಡಿ" ಎಂದು ಯಾರೂ ಬರೆದುಕೊಡಬೇಡಿ. ಕಂತು ಹಳೆಯದೇ ಇರಲಿ. ಹೆಚ್ಚಿಗೆ ಕಟ್ಟುವುದು ನಮ್ಮ ಇಷ್ಟಕ್ಕೆ, ನಮ್ಮ ಅನುಕೂಲಕ್ಕೆ ಇರಲಿ. ದುಡ್ಡು ಸೇರುವ ತನಕ ಅದು ಉಳಿತಾಯ ಖಾತೆಯಲ್ಲಿರಲಿ, ಡಬ್ಬಿಯಲ್ಲಿ ಬೇಡ.

ಎಲ್ಲ ಸಾಲವೂ ಒಂದೇ ಅಲ್ಲ

ಇಷ್ಟು ಹೇಳಿದ್ದು ದುಬಾರಿ ಸಾಲದ ಮಾತು. ಎಲ್ಲ ಸಾಲಕ್ಕೂ ಇದೇ ಉತ್ತರ ಅಲ್ಲ. ಕೃಷಿ ಪತ್ತಿನ ಸಹಕಾರ ಸಂಘದಲ್ಲಿ ಶೂನ್ಯ ಬಡ್ಡಿಯ ಬೆಳೆ ಸಾಲ ಇದ್ದರೆ ಅದನ್ನು ಅವಧಿಗೆ ಮೊದಲೇ ತೀರಿಸುವ ಆತುರ ಬೇಡ. ಬಡ್ಡಿಯೇ ಇಲ್ಲದ ಮೇಲೆ ಉಳಿಯುವುದೇನು? ಆದರೆ ಅದರ ವಾಯಿದೆ ಮೀರಿದರೆ ಬಡ್ಡಿ ರಿಯಾಯಿತಿ ಹೋಗುತ್ತದೆ, ವಾಯಿದೆಯ ದಿನ ಮಾತ್ರ ತಪ್ಪಿಸಬೇಡಿ. ಎರಡು ಮೂರು ಸಾಲ ಇರುವವರು ಎಲ್ಲದರ ಕಂತನ್ನೂ ಕಟ್ಟಿಕೊಂಡು, ಹೆಚ್ಚಿನ ದುಡ್ಡನ್ನು ಬಡ್ಡಿ ಹೆಚ್ಚಿರುವ ಒಂದೇ ಸಾಲಕ್ಕೆ ಹಾಕಲಿ. ಅದು ತೀರಿದ ಮೇಲೆ ಮುಂದಿನದು.

ಯಾವುದು ಹೆಚ್ಚು ಬಡ್ಡಿ ಎಂದು ತಿಳಿಯುವುದರಲ್ಲೂ ಒಂದು ಮೋಸ ಹೋಗುವ ಜಾಗ ಇದೆ. "ನೂರಕ್ಕೆ ಒಂದೇ ರೂಪಾಯಿ ಬಡ್ಡಿ, ಫ್ಲಾಟ್" ಎಂದು ಹೇಳಿ ಐವತ್ತು ಸಾವಿರವನ್ನು ಎರಡು ವರ್ಷಕ್ಕೆ ಕೊಡುತ್ತಾರೆ. ಬಡ್ಡಿ ಹನ್ನೆರಡು ಸಾವಿರ, ತಿಂಗಳ ಕಂತು 2,583. ಕೇಳಲು ಶೇಕಡಾ 12. ಆದರೆ ನೀವು ಪ್ರತಿ ತಿಂಗಳೂ ಅಸಲು ವಾಪಸ್ ಕೊಡುತ್ತಿದ್ದರೂ ಕೊನೆಯ ತನಕ ಪೂರ್ತಿ ಐವತ್ತು ಸಾವಿರಕ್ಕೇ ಬಡ್ಡಿ ಎಣಿಸಿದ್ದಾರೆ. ಉಳಿದ ಅಸಲಿನ ಮೇಲೆ ಲೆಕ್ಕ ಹಾಕಿದರೆ ಅದು ಶೇಕಡಾ 21ಕ್ಕಿಂತ ಹೆಚ್ಚಾಗುತ್ತದೆ. ಇಂಥ ಸಾಲ ಇದ್ದವರು ಹೆಚ್ಚಿಗೆ ಕಟ್ಟುವ ಮೊದಲು "ಇವತ್ತೇ ಪೂರ್ತಿ ತೀರಿಸಿದರೆ ಎಷ್ಟು ಕಟ್ಟಬೇಕು" ಎಂದು ಬರವಣಿಗೆಯಲ್ಲಿ ಕೇಳಿ. ಬಾಕಿ ಕಂತುಗಳನ್ನೆಲ್ಲ ಕೂಡಿಸಿದ ಮೊತ್ತವನ್ನೇ ಅವರು ಹೇಳಿದರೆ, ಬೇಗ ತೀರಿಸುವುದರಿಂದ ನಿಮಗೆ ಒಂದು ರೂಪಾಯಿಯೂ ಉಳಿಯುವುದಿಲ್ಲ. ಆಗ ಆರ್.ಡಿ.ಯೇ ಸರಿ. ಮೊತ್ತ ಚೆನ್ನಾಗಿ ಇಳಿದಿದ್ದರೆ ಮಾತ್ರ ಸಾಲಕ್ಕೆ ಕಟ್ಟಿ.

ಇನ್ನೊಂದು ದಾರಿ ನಮ್ಮ ಕೈಯಲ್ಲೇ ಇದೆ. ಸಂಘದ ಒಳಸಾಲ ನೂರಕ್ಕೆ ಒಂದು ರೂಪಾಯಿ ಬಡ್ಡಿಗೆ, ಉಳಿದ ಅಸಲಿನ ಮೇಲೆ ಸಿಗುವುದಾದರೆ, ಅದನ್ನು ಪಡೆದು ಎರಡು ರೂಪಾಯಿಯ ಸಾಲದ ಒಂದು ಭಾಗ ತೀರಿಸಬಹುದು. ಬಡ್ಡಿ ಅರ್ಧಕ್ಕಿಳಿಯುತ್ತದೆ, ಆ ಬಡ್ಡಿಯೂ ಸಂಘದಲ್ಲೇ ಉಳಿಯುತ್ತದೆ. ಆದರೆ ಇದನ್ನು ಸಭೆಯಲ್ಲಿ ಚರ್ಚಿಸಿ, ನಿರ್ಣಯ ಪುಸ್ತಕದಲ್ಲಿ ಬರೆದು ಮಾಡಬೇಕು. ದುಡ್ಡು ನೇರ ಸಾಲದ ಖಾತೆಗೆ ಹೋಗಬೇಕು, ರಸೀದಿ ಸಂಘಕ್ಕೆ ಬರಬೇಕು. ಹಳೆಯ ಸಾಲ ಹಾಗೇ ಇದ್ದು ಹೊಸದೊಂದು ಸೇರಿಕೊಂಡರೆ ಎರಡು ಕಂತಾಗುತ್ತದೆ ಅಷ್ಟೇ.

"ಹೆಚ್ಚು ಬಡ್ಡಿ ಬರೋ ಕಡೆ ಹಾಕಿದ್ರೆ?"

ಈ ಮಾತನ್ನೂ ಕೇಳುತ್ತೇವೆ. ಲೆಕ್ಕದ ಪ್ರಕಾರ ಸರಿ. ಸಾಲದ ಬಡ್ಡಿ 24 ಇರುವಾಗ, 24ಕ್ಕಿಂತ ಹೆಚ್ಚು ಖಂಡಿತ ಬರುವ ಜಾಗ ಇದ್ದರೆ ಅಲ್ಲಿಗೆ ಹಾಕಬಹುದು. ಅಂಥ ಖಂಡಿತವಾದ ಜಾಗ ಬ್ಯಾಂಕಿನಲ್ಲೂ ಇಲ್ಲ, ಅಂಚೆ ಕಚೇರಿಯಲ್ಲೂ ಇಲ್ಲ. ನೂರಕ್ಕೆ ಎರಡು ಮೂರು ರೂಪಾಯಿ ಖಂಡಿತ ಕೊಡುತ್ತೇವೆ ಎಂದು ಯಾರಾದರೂ ಮನೆ ಬಾಗಿಲಿಗೆ ಬಂದರೆ ಅಲ್ಲಿ ಅಸಲೇ ಹೋಗುವ ಭಯ ಇದೆ. ಇನ್ನು ಶುಂಠಿಗೆ ಹಾಕಿದರೆ ಒಂದು ವರ್ಷ ದುಪ್ಪಟ್ಟು ಬಂದದ್ದೂ ಉಂಟು, ಇನ್ನೊಂದು ವರ್ಷ ಕೊಳೆ ರೋಗ ಬಂದು ಬೀಜದ ದುಡ್ಡೂ ಹೋದದ್ದುಂಟು. ಅದು ಬೇಸಾಯ. ಬೇಸಾಯ ಬೇಡ ಎಂದು ನಾವು ಹೇಳುವುದಿಲ್ಲ. ಆದರೆ ಶುಂಠಿ ಕೊಳೆತರೂ ಸಾಲದ ಕಂತು ಕೊಳೆಯುವುದಿಲ್ಲ ಎಂಬುದು ನೆನಪಿರಲಿ. ಸಾಲದ ಅಸಲಿಗೆ ಕಟ್ಟಿದ ದುಡ್ಡಿನ ಲಾಭಕ್ಕೆ ಮಳೆಯ ಭಯ ಇಲ್ಲ, ಮಾರುಕಟ್ಟೆಯ ಭಯ ಇಲ್ಲ.

"ಸರ್ಕಾರ ಸಾಲ ಮನ್ನಾ ಮಾಡಿದೆಯಂತೆ, ಯಾಕೆ ಕಟ್ಟಬೇಕು" ಎಂದೂ ಕೆಲವರು ಕಾಯುತ್ತಿದ್ದಾರೆ. 2025ರ ಫೆಬ್ರವರಿಯಲ್ಲಿ ನಮ್ಮ ರಾಜ್ಯದಲ್ಲಿ ಸುಗ್ರೀವಾಜ್ಞೆಯಾಗಿ ಬಂದ ಕಾನೂನು ಬಲವಂತದ ವಸೂಲಿಯನ್ನು ತಡೆಯಲು ಮಾಡಿದ್ದು. ನೋಂದಣಿ ಇಲ್ಲದೆ ಸಾಲ ಕೊಡುವವರ ಮೇಲೆ ಅದು ಬಿಗಿಯಾಗಿದೆ. ರಿಸರ್ವ್ ಬ್ಯಾಂಕಿನಲ್ಲಿ ನೋಂದಣಿ ಆದ ಬ್ಯಾಂಕು ಮತ್ತು ಹಣಕಾಸು ಕಂಪನಿಗಳ ಸಾಲ ಅದರಿಂದ ಮನ್ನಾ ಆಗಿಲ್ಲ. ಅಂಥ ಸಾಲವನ್ನು ಕಟ್ಟದೆ ಕೂತರೆ ಬಡ್ಡಿ ಬೆಳೆಯುತ್ತದೆ, ಮುಂದೆ ಬೇಕಾದಾಗ ಬ್ಯಾಂಕಿನಲ್ಲಿ ಸಾಲ ಸಿಗುವುದಿಲ್ಲ.

ಸಾಲ ತೀರಿದ ದಿನ

ಕೊನೆಯ ಮೊತ್ತ ಕಟ್ಟುವ ಮೊದಲು ಆ ದಿನದ ಪೂರ್ತಿ ಬಾಕಿಯ ಲೆಕ್ಕವನ್ನು ಬರವಣಿಗೆಯಲ್ಲಿ ಪಡೆಯಿರಿ. ಐವತ್ತು ನೂರು ರೂಪಾಯಿ ಬಾಕಿ ಉಳಿದರೂ ಸಾಲ ಜೀವಂತ ಇರುತ್ತದೆ, ಅದರ ಮೇಲೆ ದಂಡ ಬೆಳೆಯುತ್ತದೆ. ತೀರಿದ ಮೇಲೆ ಬಾಕಿ ಇಲ್ಲ ಎಂಬ ಪ್ರಮಾಣ ಪತ್ರ, ಅಂದರೆ ನೋ ಡ್ಯೂ ಸರ್ಟಿಫಿಕೇಟ್, ಪಡೆಯಿರಿ. ಸಹಿ ಮಾಡಿಕೊಟ್ಟ ಖಾಲಿ ಚೆಕ್ ಇದ್ದರೆ ವಾಪಸ್ ಕೇಳಿ. ಬ್ಯಾಂಕಿನಿಂದ ಕಂತು ತಾನಾಗಿ ಕಡಿತವಾಗುವ ಒಪ್ಪಿಗೆಯನ್ನು ನಿಲ್ಲಿಸಿ, ಇಲ್ಲದಿದ್ದರೆ ಮುಂದಿನ ತಿಂಗಳೂ ಕಡಿತವಾಗಬಹುದು. ಒಂದೆರಡು ತಿಂಗಳ ನಂತರ ಕ್ರೆಡಿಟ್ ವರದಿಯಲ್ಲಿ ಸಾಲ "ಮುಕ್ತಾಯ" ಎಂದು ಬಂದಿದೆಯೇ ನೋಡಿಸಿ. ಆ ವರದಿ ವರ್ಷಕ್ಕೊಮ್ಮೆ ಉಚಿತವಾಗಿ ಸಿಗುತ್ತದೆ.

ಮುಂದಿನ ಸಭೆಗೆ ಬರುವಾಗ ದುಬಾರಿ ಸಾಲ ಇರುವವರು ಮೂರು ಕಾಗದ ತನ್ನಿ: ಸಾಲದ ಮರುಪಾವತಿ ಪಟ್ಟಿ, ಶುಲ್ಕಗಳ ಹಾಳೆ, ಬ್ಯಾಂಕ್ ಪಾಸ್‌ಬುಕ್. ಪಟ್ಟಿಯಲ್ಲಿ "ಉಳಿದ ಅಸಲು" ಎಂಬ ಕಾಲಂಗೆ ಪೆನ್ನಿನಿಂದ ಗುರುತು ಹಾಕಿಕೊಂಡು ಬನ್ನಿ. ನಿಮ್ಮ ನಿಮ್ಮ ಸಾಲಕ್ಕೆ ಎಷ್ಟು ತಿಂಗಳು ಇಳಿಯುತ್ತದೆ, ಎಷ್ಟು ರೂಪಾಯಿ ಉಳಿಯುತ್ತದೆ ಎಂದು ಅಲ್ಲೇ ಲೆಕ್ಕ ಹಾಕಿ ಬರೆದುಕೊಡುತ್ತೇವೆ.